‘ನೆನಪಿಟ್ಕೋ’ ಅಂದರೆ ಸಾಲದು

“ಉಳಿದ ಹನ್ನೆರಡು ಗುಂಟೆ ಯಾರ ಹೆಸರಿಗೆ ಬರೆದಿದ್ದೀಯಪ್ಪ?”

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ನಮ್ಮ ಚಿಕ್ಕಪ್ಪ ಜಗಲಿ ಮೇಲೆ ಕೂತು, ನಾನೇ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದ ಕಾಗದ ಕೈಯಲ್ಲಿ ಹಿಡ್ಕೊಂಡು ಕೇಳಿದ ಪ್ರಶ್ನೆ ಇದು. ಜೋರಾಗಿ ಕೇಳಲಿಲ್ಲ. ಜೋರಾಗಿ ಕೇಳಿದ್ದರೇ ವಾಸಿ ಇತ್ತು. ಅಪ್ಪ ನನ್ನ ಮುಖ ನೋಡಿದರು. ದೊಡ್ಡಪ್ಪ ಎಲೆ ಅಡಿಕೆ ತಟ್ಟೆ ಕಡೆ ನೋಡಿದರು. ಯಾರೂ ಮಾತಾಡಲಿಲ್ಲ.

ವಿಷಯ ಇಷ್ಟೇ. ತಾತನ ಕಾಲದ ಒಂದು ತೋಟ, ಇಷ್ಟು ವರ್ಷ ಒಟ್ಟಿಗೆ ಇತ್ತು. ಈಗ ಅಣ್ಣತಮ್ಮಂದಿರು ನಾಲ್ಕು ಜನ ಪಾಲು ಮಾಡಿಕೊಳ್ಳೋಣ ಅಂದರು. ಬರವಣಿಗೆಗೆ ಕೊಡೋಕೆ ಮುಂಚೆ ಯಾರಿಗೆ ಎಷ್ಟು, ಯಾವ ಕಡೆಯಿಂದ ಎಷ್ಟು ಅಂತ ಒಂದು ಕರಡು ಮಾಡ್ಕೊಂಡು ಬಾ ಅಂತ ಬಿಇ ಓದಿರೋ ನನಗೆ ಹೇಳಿದ್ದರು. ನಾನು ಬೆಂಗಳೂರಲ್ಲಿ ಕೂತು ನಾನು ಬಳಸೋ ಚಾಟ್‌ಬಾಟ್‌ಗೆ ‘3.20 ಎಕರೆ, ನಾಲ್ಕು ಸಮ ಪಾಲು’ ಅಂತ ಹಾಕಿದೆ. ತಲಾ 32 ಗುಂಟೆ ಅಂತ ಬಂತು. ಅದನ್ನೇ ಚಂದದ ಟೇಬಲ್ ಮಾಡಿಸಿ ಪ್ರಿಂಟ್ ತೆಗೆದೆ.

ಹಳ್ಳಿಯಲ್ಲಿ ಬೆಳೆದವರಿಗೆ ಈಗಾಗಲೇ ಗೊತ್ತಾಗಿರತ್ತೆ. ಪಹಣಿಯಲ್ಲಿ 3.20 ಅಂದರೆ ಮೂರು ಪಾಯಿಂಟ್ ಎರಡು ಎಕರೆ ಅಲ್ಲ, ಮೂರು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ. ಅಂದರೆ ಒಟ್ಟು 140 ಗುಂಟೆ, ತಲಾ 35. ಚಾಟ್‌ಬಾಟ್ 3.20ನ್ನು ದಶಮಾಂಶ ಅಂತ ಓದಿ 40ರಿಂದ ಗುಣಿಸಿ 128 ಗುಂಟೆ ಮಾಡಿತ್ತು. ನಡುವೆ 12 ಗುಂಟೆ ಮಾಯ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಬೆಂಗಳೂರಿನ ಭಾಷೆಯಲ್ಲಿ ಹೇಳೋದಾದರೆ ಆ ಹನ್ನೆರಡು ಗುಂಟೆ ಹತ್ತು 30x40 ಸೈಟು ಆಗಿ ಇನ್ನೂ ಸ್ವಲ್ಪ ಮಿಗತ್ತೆ. ಪಟ್ಟಣ ಸೇರಿದ ಮಗ ಪಾಲಿನ ಪತ್ರದಿಂದ ಹತ್ತು ಸೈಟು ಮಾಯ ಮಾಡ್ಕೊಂಡು ಬಂದರೆ ಊರಲ್ಲಿ ಏನಂತಾರೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ಈ ಕಥೆ ಆಫೀಸಲ್ಲಿ ಹೇಳಿದಾಗಲೆಲ್ಲ ಎಲ್ಲರೂ ಒಂದೇ ಮಾತು ಹೇಳ್ತಾರೆ. “ಅಯ್ಯೋ, ಅದಕ್ಕೆ ಒಂದು ಸಲ ಹೇಳಿಕೊಟ್ಟುಬಿಡೋದಲ್ವಾ ಮಗಾ, ಮೆಮೊರಿ ಇದೆಯಲ್ಲ!”

ಹೇಳಿಕೊಟ್ಟಿದ್ದೆ ಸ್ವಾಮಿ. ನಾನು ಈ ಲೇಖನ ಬರೀತಾ ಇರೋದೇ ಅದಕ್ಕೆ.

ಎರಡು ತಿಂಗಳ ಹಿಂದೆ ಅಪ್ಪನ ಬೇರೆ ಜಮೀನಿಗೆ ಹನಿ ನೀರಾವರಿ ಪೈಪಿನ ಲೆಕ್ಕ ಹಾಕುವಾಗ ಇದೇ ತಪ್ಪು ಆಗಿತ್ತು. ಆಗ ನಾನು ಅಲ್ಲೇ ತಿದ್ದಿ, ‘ಅಪ್ಪನ ಜಮೀನು 2.10, ಅಂದರೆ 2 ಎಕರೆ 10 ಗುಂಟೆ, ನಮ್ಮಲ್ಲಿ ಚುಕ್ಕಿಯ ನಂತರ ಬರೋದು ಗುಂಟೆ, ಇದನ್ನ ನೆನಪಿಟ್ಕೋ’ ಅಂತ ಟೈಪ್ ಮಾಡಿದ್ದೆ. ನೆನಪು ಉಳಿಸಿಕೊಂಡಿದ್ದೇನೆ ಅನ್ನೋ ಸೂಚನೆಯೂ ಪರದೆ ಮೇಲೆ ಬಂತು. ನಾನು ನಿಶ್ಚಿಂತೆಯಿಂದ ಚಾಟ್ ಮುಚ್ಚಿದೆ. ಯುಗಾದಿ ಅವಮಾನ ಆದಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಆ ನೆನಪಿನ ಪಟ್ಟಿ ತೆರೆದು ಓದಿದೆ. ಅಲ್ಲಿ ಇದ್ದದ್ದು ಒಂದೇ ಸಾಲು: ಬಳಕೆದಾರರ ತಂದೆಗೆ 2 ಎಕರೆ 10 ಗುಂಟೆ ಜಮೀನಿದೆ.

ನೋಡಿ, ಆ ಸಾಲಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಪ್ಪನ ಬಗ್ಗೆ ಒಂದು ಸಂಗತಿ ಉಳಿದಿದೆ. ನಾನು ಕಲಿಸಿದ ನಿಯಮ ಮಾತ್ರ ಹೋಗಿದೆ. ತಾತನ ತೋಟದ ಲೆಕ್ಕಕ್ಕೆ ಅಪ್ಪನ ಜಮೀನಿನ ಸಂಗತಿ ಕಟ್ಟಿಕೊಂಡು ಏನು ಮಾಡೋದು?

ನನ್ನ ತಕರಾರು ಇರೋದು ಯಂತ್ರದ ಮೇಲಲ್ಲ. ನಮ್ಮ ಮೇಲೆ. ಮೆಮೊರಿ ಮತ್ತು ಕಸ್ಟಮ್ ಇನ್‌ಸ್ಟ್ರಕ್ಷನ್ಸ್ ಅಂತ ಎರಡು ಬೇರೆ ಬೇರೆ ವಸ್ತು ಕೊಟ್ಟಿದ್ದಾರೆ. ನಾವು ಮಾತ್ರ ಎರಡನ್ನೂ ಒಂದೇ ಅಂದುಕೊಂಡು, ಸುಲಭ ಅನ್ನೋ ಕಾರಣಕ್ಕೆ ಮೆಮೊರಿಯನ್ನೇ ನಂಬಿ ಕೂತಿದ್ದೀವಿ. ‘ನನ್ನ ಬಗ್ಗೆ ಅದಕ್ಕೆ ಎಲ್ಲಾ ಗೊತ್ತು’ ಅಂತ ಹೆಮ್ಮೆ ಬೇರೆ. ಏನು ಗೊತ್ತು ಅಂತ ಒಂದು ದಿನ ತೆರೆದು ನೋಡಿದವರು ಎಷ್ಟು ಜನ ಇದ್ದೀರಿ?

ಎಲ್ಲರಿಗೂ ಪರಿಚಯ ಇರೋ ಚಾಟ್‌ಜಿಪಿಟಿಯನ್ನೇ ಉದಾಹರಣೆಗೆ ತಗೊಳ್ಳೋಣ. ಅದರಲ್ಲಿ ಕಸ್ಟಮ್ ಇನ್‌ಸ್ಟ್ರಕ್ಷನ್ಸ್ ಮೊದಲು ಬಂದಿದ್ದು 2023ರ ಜುಲೈನಲ್ಲಿ. ಎರಡು ಖಾಲಿ ಡಬ್ಬಿ ಕೊಟ್ಟಿದ್ದರು. ಒಂದರಲ್ಲಿ ನಿಮ್ಮ ಬಗ್ಗೆ ಏನು ಗೊತ್ತಿರಬೇಕು ಅಂತ ಬರೆಯೋದು, ಇನ್ನೊಂದರಲ್ಲಿ ಉತ್ತರ ಹೇಗಿರಬೇಕು ಅಂತ ಬರೆಯೋದು. ಒಂದೊಂದಕ್ಕೂ 1500 ಅಕ್ಷರ. ಮೆಮೊರಿ ಬಂದಿದ್ದು ಅದಾದ ಮೇಲೆ, 2024ರ ಫೆಬ್ರವರಿಯಲ್ಲಿ ಕೆಲವರಿಗೆ ಪರೀಕ್ಷೆಗೆ ಅಂತ. 2025ರ ಏಪ್ರಿಲ್‌ನಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉಳಿಸಿಕೊಂಡ ಸಾಲುಗಳಷ್ಟೇ ಅಲ್ಲದೆ ನಿಮ್ಮ ಹಳೆಯ ಚಾಟ್‌ಗಳಿಂದಲೂ ಬೇಕಾದ್ದನ್ನು ಎತ್ತಿಕೊಳ್ಳೋಕೆ ಶುರುಮಾಡಿತು. ಪುಟಗಳ ಅಂದಚಂದ ಆಗಾಗ ಬದಲಾಗಿದೆ. ಎರಡರ ನಡುವಿನ ವ್ಯತ್ಯಾಸ ಬದಲಾಗಿಲ್ಲ.

ಆ ವ್ಯತ್ಯಾಸ ಅರ್ಥ ಆಗಬೇಕಾದರೆ ಒಂದು ಮಾತು ತಿಳ್ಕೊಬೇಕು. ಈ ಭಾಷಾ ಮಾದರಿಗೆ ಅದರಷ್ಟಕ್ಕೇ ನಿಮ್ಮ ನಿನ್ನೆಯ ಮಾತು ನೆನಪಿರಲ್ಲ. ಹೊಸ ಚಾಟ್ ತೆರೆದಾಗ ಅದು ಖಾಲಿ ಹಲಗೆ. ನೀವು ಟೈಪ್ ಮಾಡಿದ ಮೊದಲ ಪ್ರಶ್ನೆ ಅದಕ್ಕೆ ಹೋಗುವ ಮುಂಚೆ, ಆ ಆ್ಯಪ್ ನಿಮಗೆ ಕಾಣದ ಹಾಗೆ ಪ್ರಶ್ನೆಯ ಮೇಲ್ಗಡೆ ಒಂದಷ್ಟು ಬರಹ ಸೇರಿಸತ್ತೆ. ಮಾದರಿ ಅದನ್ನೂ ಓದಿ, ನಿಮ್ಮ ಪ್ರಶ್ನೆಯನ್ನೂ ಓದಿ ಉತ್ತರ ಕೊಡತ್ತೆ. ನೆನಪು, ನಿಯಮ ಅಂತ ನಾವು ಕರೆಯೋದೆಲ್ಲ ಕೊನೆಗೆ ಆ ಸೇರಿಸಿದ ಬರಹವೇ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಆ ಬರಹ ಬರೆದವರು ಯಾರು?

ಕಸ್ಟಮ್ ಇನ್‌ಸ್ಟ್ರಕ್ಷನ್ಸ್ ಬರೆದವರು ನೀವು. ನೀವು ಬರೆದ ಪದ, ನೀವು ಇಟ್ಟ ಚುಕ್ಕಿ, ಹಾಗೇ ಪ್ರತಿ ಹೊಸ ಚಾಟ್‌ನ ತಲೆ ಮೇಲೆ ಹೋಗಿ ಕೂರತ್ತೆ. ಈ ಚಾಟ್‌ಗೆ ಇದು ಬೇಕಾ ಬೇಡವಾ ಅಂತ ಯಾರೂ ಆರಿಸಲ್ಲ. ಮೆಮೊರಿ ಬರೆದದ್ದು ಯಂತ್ರ. ನಿಮ್ಮ ಮಾತಿನಲ್ಲಿ ಯಾವುದು ಮುಖ್ಯ ಅಂತ ತೀರ್ಮಾನ ಮಾಡೋದು ಅದು, ಅದನ್ನು ತನ್ನ ಮಾತಿನಲ್ಲಿ ಚಿಕ್ಕದು ಮಾಡಿ ಬರ್ಕೊಳ್ಳೋದೂ ಅದೇ. ಹಳೆಯ ಚಾಟ್‌ಗಳಿಂದ ಎತ್ತಿಕೊಳ್ಳೋದಂತೂ ಯಾವುದನ್ನ ಎತ್ತಿಕೊಂಡಿತು ಅಂತ ನಿಮಗೆ ಸಾಲು ಸಾಲಾಗಿ ಕಾಣೋದೂ ಇಲ್ಲ.

ನಮ್ಮೂರ ಶೆಟ್ಟರ ಅಂಗಡಿ ಜ್ಞಾಪಿಸಿಕೊಂಡರೆ ಇದು ಸಲೀಸು. ಗಲ್ಲಾಪೆಟ್ಟಿಗೆ ಹಿಂದಿನ ಗೋಡೆಗೆ ‘ಇಂದು ನಗದು ನಾಳೆ ಸಾಲ’ ಅಂತ ಒಂದು ಬೋರ್ಡು. ಅಂಗಡಿಗೆ ಕಾಲಿಟ್ಟವರಿಗೆಲ್ಲ ಅದು ಅನ್ವಯ, ಹೊಸಬರಿಗೂ ಹಳಬರಿಗೂ. ಪೆಟ್ಟಿಗೆ ಒಳಗೆ ಒಂದು ಖಾತೆ ಪುಸ್ತಕ. ಯಾರ ಮನೆಗೆ ಎಷ್ಟು ಬಾಕಿ, ಯಾರ ಮಗಳ ಮದುವೆ ಯಾವಾಗ ಅಂತ ಶೆಟ್ಟರು ತಮಗೆ ತೋಚಿದ್ದನ್ನು ತಮ್ಮ ಕೈಬರಹದಲ್ಲಿ ಬರೆದುಕೊಂಡಿರ್ತಾರೆ. ಪುಸ್ತಕ ಬೇಡ ಅಂತ ನಾನು ಹೇಳ್ತಿಲ್ಲ. ಅದಿಲ್ಲದೆ ವ್ಯಾಪಾರ ಇಲ್ಲ. ಆದರೆ ಬೋರ್ಡಿಗೆ ಹಾಕಬೇಕಾದ ಮಾತನ್ನು ಶೆಟ್ಟರ ಕಿವಿಯಲ್ಲಿ ಹೇಳಿ, ಪುಸ್ತಕಕ್ಕೆ ಬರ್ಕೊಂಡಿರ್ತಾರೆ ಬಿಡು ಅಂತ ಮನೆಗೆ ಬಂದರೆ ತಪ್ಪು ಯಾರದು? ನಾನು ಮಾಡಿದ್ದು ಇದನ್ನೇ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗಾಗತ್ತೆ. ಯಾಕಂದರೆ ನನ್ನ ಬೋರ್ಡಿನ ಮೇಲೂ ತಪ್ಪು ಬರಹ ಇತ್ತು.

ಆಫೀಸ್ ಕೆಲಸಕ್ಕೆ ಅಂತ ವರ್ಷದ ಹಿಂದೆ ನಾನು ಕಸ್ಟಮ್ ಇನ್‌ಸ್ಟ್ರಕ್ಷನ್ಸ್‌ನಲ್ಲಿ ಒಂದು ಸಾಲು ಹಾಕಿದ್ದೆ: ‘ವಿವರಣೆ ಬೇಡ, ಅಂತಿಮ ಉತ್ತರ ಮಾತ್ರ ಕೊಡು.’ ಕೋಡ್ ಬರೆಸುವಾಗ ಅದರ ಉದ್ದುದ್ದ ಪೀಠಿಕೆ ಓದೋಕೆ ಬೇಜಾರಾಗಿ ಹಾಕಿದ್ದು. ಆಮೇಲೆ ಮರೆತೇಬಿಟ್ಟಿದ್ದೆ. ಆದರೆ ಬೋರ್ಡು ಮರೆಯಲ್ಲವಲ್ಲ. ಪಾಲಿನ ಲೆಕ್ಕಕ್ಕೆ ಹೊಸ ಚಾಟ್ ತೆರೆದಾಗಲೂ ಆ ಸಾಲು ನಿಷ್ಠೆಯಿಂದ ಹೋಗಿ ತಲೆ ಮೇಲೆ ಕೂತಿತು. ಅದಕ್ಕೇ ನನಗೆ ಬಂದಿದ್ದು ‘ತಲಾ 32 ಗುಂಟೆ’ ಅನ್ನೋ ಒಣ ಉತ್ತರ. ಆ ಸಾಲು ಇಲ್ಲದಿದ್ದರೆ 3.20 × 40 = 128 ಅನ್ನೋ ಹಂತ ಪರದೆ ಮೇಲೆ ಬರ್ತಿತ್ತು, ಅದನ್ನ ನೋಡಿದ ತಕ್ಷಣ ನನ್ನೊಳಗಿನ ಹಳ್ಳಿ ಹುಡುಗ ಎಚ್ಚರ ಆಗ್ತಿದ್ದ.

ಅಂದರೆ ನಾನು ಎರಡೂ ಕಡೆ ತಲೆಕೆಳಗು ಮಾಡಿದ್ದೆ. ಎಲ್ಲಾ ಚಾಟ್‌ಗೂ ಅನ್ವಯ ಆಗಬೇಕಾದ ಗುಂಟೆ ನಿಯಮ ಮೆಮೊರಿಯ ಪಾಲಾಗಿತ್ತು. ಬರೀ ಕೋಡ್‌ಗೆ ಸೇರಿದ ಸಾಲು ಎಲ್ಲಾ ಚಾಟ್‌ಗೂ ಅನ್ವಯ ಆಗ್ತಿತ್ತು. ಹನ್ನೆರಡು ಗುಂಟೆ ಹೋಗಿದ್ದು ಈ ಎರಡರ ಸಂದಿಯಲ್ಲಿ.

ಹಾಗಾಗಿ ಈಗ ನಾನು ಒಂದು ಸಾಲನ್ನು ಅಲ್ಲಿ ಹಾಕುವ ಮುಂಚೆ ನನಗೆ ನಾನೇ ಕೇಳ್ಕೊಳ್ತೀನಿ: ನಾಳೆ ಅಮ್ಮನ ಬ್ಯಾಂಕ್ ಅರ್ಜಿ ಬರೆಸುವಾಗಲೂ, ಮಗಳ ಹೋಮ್‌ವರ್ಕ್ ಅರ್ಥ ಮಾಡ್ಕೊಳ್ಳುವಾಗಲೂ, ಆಫೀಸಿನ ಬಗ್ ಹುಡುಕುವಾಗಲೂ ಈ ಸಾಲು ಸರಿಯಾ? ಮೂರಕ್ಕೂ ಹೌದು ಅಂದರೆ ಹಾಕ್ತೀನಿ. ಒಂದಕ್ಕೆ ಮಾತ್ರ ಹೌದು ಅಂದರೆ, ಯಾವಾಗ ಅನ್ವಯ ಅಂತ ಆ ಸಾಲಿನಲ್ಲೇ ಬರೀತೀನಿ. ಅದೂ ಆಗದಿದ್ದರೆ ಆ ಕೆಲಸಕ್ಕೆ ಅಂತಲೇ ಒಂದು ಪ್ರಾಜೆಕ್ಟ್ ಮಾಡಿ, ಅದರ ಸೂಚನೆಯಲ್ಲಿ ಇಡ್ತೀನಿ. ಚಾಟ್‌ಜಿಪಿಟಿಯಲ್ಲಿ ಪ್ರಾಜೆಕ್ಟ್‌ಗೆ ಹಾಕಿದ ಸೂಚನೆ ಆ ಪ್ರಾಜೆಕ್ಟ್ ಒಳಗಿನ ಚಾಟ್‌ಗಳಿಗೆ ಮಾತ್ರ.

ಈಗ ನನ್ನ ಬೋರ್ಡಿನ ಮೇಲೆ ಇರೋದು ಇದು:

```
ಜಮೀನಿನ ವಿಸ್ತೀರ್ಣ ಬಂದಾಗ: 3.20 ಅಂದರೆ 3 ಎಕರೆ 20 ಗುಂಟೆ.
1 ಎಕರೆ = 40 ಗುಂಟೆ. ದಶಮಾಂಶ ಅಂತ ಓದಬೇಡ.
ಚುಕ್ಕಿಯ ನಂತರ ಒಂದೇ ಅಂಕಿ ಇದ್ದರೆ, ಅಥವಾ 39 ದಾಟಿದ್ದರೆ,
ಲೆಕ್ಕ ಮಾಡುವ ಮುಂಚೆ ನನ್ನನ್ನು ಕೇಳು.
ಯಾವ ಲೆಕ್ಕವಾದರೂ ಹಂತಗಳನ್ನು ತೋರಿಸು.
ಕೋಡ್ ಕೇಳಿದಾಗ ಮಾತ್ರ: ವಿವರಣೆ ಬೇಡ.
```

ಮೂರನೇ ಸಾಲು ಚಿಕ್ಕಪ್ಪನ ಕೊಡುಗೆ. “3.5 ಅಂತ ಬರೆದರೆ ಐದು ಗುಂಟೆನೋ ಅರ್ಧ ಎಕರೆನೋ ಅಂತ ಆ ಮಿಷನ್ನಿಗೆ ಹೆಂಗಪ್ಪ ಗೊತ್ತಾಗುತ್ತೆ?” ಅಂದರು. ನ್ಯಾಯವಾದ ಪ್ರಶ್ನೆ. ಐದು ಗುಂಟೆ ಆದರೆ 3.05, ಅರ್ಧ ಎಕರೆ ಆದರೆ 3.20 ಅಂತ ಬರೆಯಬೇಕು. ಮನುಷ್ಯರೇ ತಪ್ಪು ಬರೆಯುವ ಜಾಗದಲ್ಲಿ ಯಂತ್ರ ಊಹೆ ಮಾಡೋದಕ್ಕಿಂತ ಕೇಳೋದು ವಾಸಿ. ಇನ್ನು 3.50 ಅಂತ ಪಹಣಿ ಲೆಕ್ಕದಲ್ಲಿ ಬರೋದೇ ಇಲ್ಲ. ಗುಂಟೆ 40 ಮುಟ್ಟಿದರೆ ಅದು ಇನ್ನೊಂದು ಎಕರೆ.

ಬರೆದು ಸುಮ್ಮನೆ ಕೂರಬೇಡಿ, ಪರೀಕ್ಷೆ ಮಾಡಿ. ಇಲ್ಲೇ ಬಹಳ ಜನ ಎಡವೋದು. ಅದೇ ಹಳೆಯ ಚಾಟ್‌ನಲ್ಲಿ ಮತ್ತೆ ಕೇಳಿ, ಸರಿ ಉತ್ತರ ಬಂತು ಅಂತ ಖುಷಿ ಪಡ್ತಾರೆ. ಅಲ್ಲಿ ನೀವು ಆಗಲೇ ತಿದ್ದಿದ ಮಾತು ಮೇಲೆಯೇ ಇದೆ, ಅದನ್ನ ನೋಡ್ಕೊಂಡು ಸರಿ ಹೇಳಿರತ್ತೆ. ಅದರಿಂದ ನಿಮ್ಮ ನಿಯಮದ ಬಗ್ಗೆ ಏನೂ ಸಾಬೀತಾಗಲ್ಲ. ಹೊಸ ಚಾಟ್ ತೆರೀರಿ. ಇನ್ನೂ ವಾಸಿ ಅಂದರೆ `Temporary Chat` ತೆರೀರಿ. ನಾನು ಪರೀಕ್ಷೆ ಮಾಡಿದಾಗ ಚಾಟ್‌ಜಿಪಿಟಿಯ ಆ ತಾತ್ಕಾಲಿಕ ಚಾಟ್‌ನಲ್ಲಿ ಮೆಮೊರಿ ಕೆಲಸ ಮಾಡ್ತಿರಲಿಲ್ಲ, ಆದರೆ ಕಸ್ಟಮ್ ಇನ್‌ಸ್ಟ್ರಕ್ಷನ್ಸ್ ಆನ್ ಆಗಿದ್ದರೆ ಅದನ್ನ ಪಾಲಿಸ್ತಿತ್ತು. ಅಂದರೆ ಪುಸ್ತಕ ಮುಚ್ಚಿಟ್ಟು, ಬೋರ್ಡು ಒಂದನ್ನೇ ಗೋಡೆ ಮೇಲೆ ಬಿಟ್ಟ ಹಾಗೆ. ಯಾವುದು ಯಾರ ಕೆಲಸ ಅಂತ ಬೇರೆ ಮಾಡಿ ನೋಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ನಾನು ಹಾಕಿದ ಪರೀಕ್ಷೆ ಇದು: 1.30 ಎಕರೆ, ಇಬ್ಬರಿಗೆ ಸಮ ಪಾಲು. ಸರಿ ಉತ್ತರ 70 ಗುಂಟೆಯಲ್ಲಿ ತಲಾ 35. ದಶಮಾಂಶ ಅಂತ ಓದಿದರೆ 52 ಗುಂಟೆಯಲ್ಲಿ ತಲಾ 26 ಬರತ್ತೆ. ಎರಡೂ ಉತ್ತರ ದೂರ ದೂರ ಇರೋ ಸಂಖ್ಯೆಯನ್ನೇ ಆರಿಸಿಕೊಳ್ಳಿ, ಆಗ ತಪ್ಪು ಕಣ್ಣಿಗೆ ಹೊಡೆಯತ್ತೆ. ಮೆಮೊರಿ ಇಲ್ಲದ ತಾತ್ಕಾಲಿಕ ಚಾಟ್‌ನಲ್ಲಿ 35 ಬಂದರೆ ನಿಯಮ ಬೋರ್ಡಿನಲ್ಲಿದೆ. ಮಾಮೂಲಿ ಚಾಟ್‌ನಲ್ಲಿ 35, ತಾತ್ಕಾಲಿಕದಲ್ಲಿ 26 ಬಂದರೆ ನೀವು ಇನ್ನೂ ಪುಸ್ತಕದ ನಂಬಿಕೆ ಮೇಲೇ ಬದುಕ್ತಿದ್ದೀರಿ ಅಂತ ಅರ್ಥ.

ಕನ್ನಡದಲ್ಲಿ ಬರೆಯೋರಿಗೆ ಒಂದು ಕಿವಿಮಾತು. 1500 ಅಕ್ಷರ ಅಂದರೆ ನಾವು ಲೆಕ್ಕ ಹಾಕೋ ಅಕ್ಷರ ಅಲ್ಲ. ಕಂಪ್ಯೂಟರ್‌ಗೆ ಕೊಂಬು, ಸೊನ್ನೆ, ಎತ್ವ ಎಲ್ಲಾ ಬೇರೆ ಬೇರೆ. ‘ಗುಂಟೆ’ ನಮಗೆ ಎರಡಕ್ಷರ, ಅದಕ್ಕೆ ಐದು. ಒತ್ತಕ್ಷರಕ್ಕೆ ಇನ್ನೂ ದುಬಾರಿ. ಜಾಗ ಬೇಗ ಮುಗಿಯತ್ತೆ. ಅದೂ ಒಂದು ಲೆಕ್ಕದಲ್ಲಿ ಒಳ್ಳೇದೇ, ಕಂಡಕಂಡದ್ದೆಲ್ಲ ತುಂಬಿಸೋಕಾಗಲ್ಲ.

ಈಗ ನನ್ನ ಜೊತೆ ಜಗಳಕ್ಕೆ ಬರೋರ ಮಾತಿಗೆ ಬರ್ತೀನಿ. “ಮೆಮೊರಿ ದಿನದಿಂದ ದಿನಕ್ಕೆ ಸುಧಾರಿಸ್ತಾ ಇದೆ, ನಾಳೆ ಅದೇ ನಿಯಮವನ್ನೂ ಸರಿಯಾಗಿ ಬರ್ಕೊಳ್ಳತ್ತೆ, ಕೂತು ಟೈಪ್ ಮಾಡೋದು ಯಾಕೆ?” ಅಂತಾರೆ ನನ್ನ ಟೀಮಿನ ಹುಡುಗರು. ಇರಬಹುದು, ಈಗಲೂ ಒಮ್ಮೊಮ್ಮೆ ಸರಿಯಾಗೇ ಬರ್ಕೊಳ್ಳತ್ತೆ. ನನ್ನ ಜಗಳ ಆ ‘ಒಮ್ಮೊಮ್ಮೆ’ ಜೊತೆ. ನೀವೇ ನಿಮ್ಮ ಪ್ರೋಗ್ರಾಂನ ಕಾನ್ಫಿಗರೇಶನ್ನನ್ನು ಹಳೆಯ ಲಾಗ್ ಫೈಲ್ ನೋಡಿ ಊಹೆ ಮಾಡ್ಕೊ ಅಂತ ಬಿಡ್ತೀರಾ? ಕೋಡ್ ರಿವ್ಯೂನಲ್ಲಿ ಯಾರಾದರೂ ಹಾಗೆ ಮಾಡಿದರೆ ಸುಮ್ಮನಿರ್ತೀರಾ? ಆಫೀಸಿನ ಸರ್ವರ್‌ಗೆ ಇರೋ ಶಿಸ್ತು ಅಪ್ಪನ ಜಮೀನಿಗೆ ಯಾಕಿಲ್ಲ?

ಇನ್ನೊಂದು ವಾದ, ಬೋರ್ಡು ಹಾಕಿದರೂ ಅದು ಪಾಲಿಸತ್ತೆ ಅನ್ನೋ ಗ್ಯಾರಂಟಿ ಏನು ಅಂತ. ಗ್ಯಾರಂಟಿ ಇಲ್ಲ. ಸೂಚನೆ ಅಂದರೆ ಮಾದರಿ ಓದುವ ಬರಹವೇ ಹೊರತು ಬೀಗ ಅಲ್ಲ. ಚಾಟ್ ಬಹಳ ಉದ್ದ ಆದರೆ ಸಡಿಲ ಆಗಬಹುದು, ಎರಡು ಸಾಲು ಒಂದಕ್ಕೊಂದು ವಿರುದ್ಧ ಇದ್ದರೆ ಯಾವುದೋ ಒಂದನ್ನ ಹಿಡೀಬಹುದು. ಅದಕ್ಕೇ ಹಂತ ತೋರಿಸು ಅನ್ನೋ ಸಾಲು ನನಗೆ ಎಲ್ಲಕ್ಕಿಂತ ಮುಖ್ಯ. ನಿಯಮ ಮುರಿದರೂ ಮುರಿದದ್ದು ಕಾಣಬೇಕು. ಮೆಮೊರಿಯಲ್ಲಿ ನಿಯಮ ಕಳೆದುಹೋದರೆ ಕಳೆದದ್ದೇ ಕಾಣಲ್ಲ.

ಕೊನೆಗೆ, ಪುಸ್ತಕವನ್ನೂ ಒಂದು ಸಲ ತೆರೆದು ಗುಡಿಸಿ. `Settings` ಒಳಗೆ `Personalization` ಅಂತಿದೆ, ಅಲ್ಲೇ ಮೆಮೊರಿಯ ಪಟ್ಟಿ ಸಿಗತ್ತೆ. ಚಾಟ್ ಅಳಿಸಿದರೆ ನೆನಪೂ ಹೋಯ್ತು ಅಂದುಕೊಂಡಿದ್ದರೆ ಅದು ತಪ್ಪು. ಉಳಿಸಿಕೊಂಡ ಸಾಲು ಬೇರೆ ಕಡೆ ಇರತ್ತೆ, ಅದನ್ನ ಬೇರೆಯಾಗೇ ಅಳಿಸಬೇಕು. ನನ್ನ ಪಟ್ಟಿಯಲ್ಲಿ ಬಿಟ್ಟುಬಂದ ಕೆಲಸ, ಮಾರಿದ ಬೈಕು, ಅಮ್ಮನ ಶುಗರ್ ಮಾತ್ರೆ ಎಲ್ಲಾ ಇತ್ತು. ಅಮ್ಮನ ಮಾತ್ರೆ ಬದಲಾಗಿ ಆಗಲೇ ಆರು ತಿಂಗಳು. ಅದನ್ನ ತಿದ್ದೋರು ಯಾರು? ಅಳಿಸಿದೆ.

ಪಾಲಿನ ಪತ್ರ ಆಮೇಲೆ ಸರಿಯಾಯ್ತು. ತಲಾ 35 ಗುಂಟೆ, ಒಟ್ಟು 140. ಚಿಕ್ಕಪ್ಪ ಯಂತ್ರದ ಲೆಕ್ಕವನ್ನೂ ನನ್ನ ಲೆಕ್ಕವನ್ನೂ ನಂಬಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್‌ನಲ್ಲಿ ತಾವೇ ಹಾಕಿ ನೋಡಿದರು. ಮೂರು ನಲವತ್ತು ನೂರಿಪ್ಪತ್ತು, ಮೇಲೆ ಇಪ್ಪತ್ತು. ಆಮೇಲೆ ಕಾಗದ ಮಡಚಿ ಜೇಬಿಗಿಟ್ಟುಕೊಂಡು, “ಈಗ ಊಟಕ್ಕೆ ಏಳಪ್ಪ” ಅಂದರು.